ತುರ್ತು ಸಂದೇಶಕ್ಕೆ ಮೂರು ದಿನವಾದರೂ ಉತ್ತರವಿಲ್ಲವೇ?

ಶುಕ್ರವಾರ ಗ್ರಾಹಕರಿಗೆ ದರಪಟ್ಟಿ ಕೊಡಬೇಕು. ಅದಕ್ಕೆ ಬೇಕಾದ ಸಾಗಣೆ ವೆಚ್ಚವನ್ನು ತಿಳಿಸುವಂತೆ ಸಹೋದ್ಯೋಗಿಗೆ ಸೋಮವಾರವೇ ಇಮೇಲ್ ಕಳುಹಿಸಿದ್ದೀರಿ. ಬುಧವಾರ ಸಂಜೆಯಾದರೂ ಅತ್ತಲಿಂದ ಸದ್ದಿಲ್ಲ. ಏನು ಮಾಡಬೇಕು?

ಮೊದಲು, ಕಳುಹಿಸಿದ ಇಮೇಲನ್ನು ನೀವೇ ತೆರೆದು, ಏನೂ ಗೊತ್ತಿಲ್ಲದವರಂತೆ ಓದಿ. ತಪ್ಪು ಹಲವು ಬಾರಿ ಅಲ್ಲೇ ಇರುತ್ತದೆ. ವಿಷಯದ ಸಾಲಿನಲ್ಲಿ ಬರೀ ‘ಮಾಹಿತಿ ಬೇಕು’ ಎಂದಿರುತ್ತದೆ, ಅಸಲು ಪ್ರಶ್ನೆ ನಾಲ್ಕನೇ ಪ್ಯಾರಾದಲ್ಲಿ ಅವಿತಿರುತ್ತದೆ. ಐದು ಮಂದಿಗೆ ಒಟ್ಟಿಗೆ ಕಳುಹಿಸಿದ್ದರೆ, ಇನ್ನೊಬ್ಬರು ಉತ್ತರಿಸುತ್ತಾರೆಂದು ಐವರೂ ಸುಮ್ಮನಿರುತ್ತಾರೆ. ಸಹೋದ್ಯೋಗಿ ರಜೆಯಲ್ಲಿದ್ದಾರೆಯೇ ಎಂಬುದನ್ನೂ ಈಗಲೇ ವಿಚಾರಿಸಿಕೊಳ್ಳಿ.

ನಂತರ ಹಳೆಯ ಇಮೇಲಿಗೇ ಮರುಉತ್ತರವಾಗಿ ಬರೆಯಿರಿ. ಮೂಲ ಪತ್ರ ಕೆಳಗೇ ಇರುವುದರಿಂದ ಅವರು ಹುಡುಕಬೇಕಾಗುವುದಿಲ್ಲ. ಉದಾಹರಣೆಗೆ:

“ನಮಸ್ಕಾರ. ಸೋಮವಾರ ಕೇಳಿದ್ದ ಸಾಗಣೆ ವೆಚ್ಚದ ಬಗ್ಗೆ ಮತ್ತೆ ಬರೆಯುತ್ತಿದ್ದೇನೆ. ದರಪಟ್ಟಿ ಶುಕ್ರವಾರ ಬೆಳಿಗ್ಗೆ ಹೋಗಬೇಕಿದೆ. ಕಳೆದ ತಿಂಗಳ ದರವೇ ಈಗಲೂ ಇದೆಯೇ? ‘ಹೌದು’ ಎಂದರೆ ಸಾಕು. ಬದಲಾಗಿದ್ದರೆ ಹೊಸ ದರವನ್ನು ಗುರುವಾರ ಮಧ್ಯಾಹ್ನ 3ರೊಳಗೆ ತಿಳಿಸುತ್ತೀರಾ? ಈ ವಿಷಯವನ್ನು ಬೇರೆ ಯಾರಾದರೂ ನೋಡಿಕೊಳ್ಳುತ್ತಿದ್ದರೆ ಅವರ ಹೆಸರು ಹೇಳಿ.”

ಇಲ್ಲಿ ದೂರಿಲ್ಲ, ಅತಿಯಾದ ಕ್ಷಮೆಯಾಚನೆಯೂ ಇಲ್ಲ. ಮುಖ್ಯವಾಗಿ, ಕೆಲಸ ಒಂದು ಪದದ ಉತ್ತರಕ್ಕೆ ಇಳಿದಿದೆ. ಉತ್ತರಿಸದವರಲ್ಲಿ ಎಷ್ಟೋ ಮಂದಿ ಉದಾಸೀನರಲ್ಲ; ಕಡತ ಹುಡುಕಿ ಸರಿಯಾಗಿ ಬರೆಯೋಣವೆಂದು ಮುಂದೂಡಿದವರು. ಕೊನೆಯ ಸಾಲು ಅವರಿಗೆ ಮುಜುಗರವಿಲ್ಲದೆ ಜಾರಿಕೊಳ್ಳುವ ದಾರಿಯನ್ನೂ ಕೊಡುತ್ತದೆ. ‘ಉತ್ತರ ಬಾರದಿದ್ದರೆ ಹಳೆಯ ದರವನ್ನೇ ಹಾಕುತ್ತೇನೆ’ ಎಂದು ಸೇರಿಸಬಹುದೇ? ಆ ನಿರ್ಧಾರ ನಿಮ್ಮ ಕೈಯಲ್ಲಿದ್ದರೆ ಮಾತ್ರ. ಅವರ ಒಪ್ಪಿಗೆ ಅಗತ್ಯವಿರುವಲ್ಲಿ ಮೌನವನ್ನು ಸಮ್ಮತಿ ಎಂದುಕೊಂಡರೆ ಹೊಣೆ ನಿಮ್ಮ ತಲೆಗೇ ಬರುತ್ತದೆ.

ಗುರುವಾರ 3 ಗಂಟೆಯಾಯಿತು, ಉತ್ತರವಿಲ್ಲ. ಮೂರನೇ ಇಮೇಲ್ ಬೇಡ, ಫೋನ್ ಮಾಡಿ ಅಥವಾ ಅವರ ಮೇಜಿನ ಬಳಿ ಹೋಗಿ. “ನನ್ನ ಇಮೇಲ್ ನೋಡಲಿಲ್ಲವೇ?” ಎಂದರೆ ಅವರು ಸಮಜಾಯಿಷಿಗೆ ಇಳಿಯುತ್ತಾರೆ. “ಎರಡು ನಿಮಿಷ ಸಿಗುತ್ತದೆಯೇ? ಒಂದು ದರ ಖಚಿತಪಡಿಸಿಕೊಳ್ಳಬೇಕಿತ್ತು” ಎಂದರೆ ನೇರವಾಗಿ ಕೆಲಸಕ್ಕೆ ಬರಬಹುದು. ವಾಟ್ಸ್‌ಆ್ಯಪ್‌ನ ನೀಲಿ ಗುರುತಿನ ಮಾತನ್ನಂತೂ ಎತ್ತಲೇಬೇಡಿ.

ಅದಕ್ಕೂ ಫಲ ಸಿಗದಿದ್ದರೆ ಮೇಲಧಿಕಾರಿಯ ಸರದಿ. ಸದ್ದಿಲ್ಲದೆ ಅವರನ್ನು ಇಮೇಲಿನ ಸಿಸಿಯಲ್ಲಿ ಸೇರಿಸುವುದು ಬೆನ್ನ ಹಿಂದಿನ ದೂರಿನಂತೆ ಕಾಣುತ್ತದೆ. “ದರಪಟ್ಟಿ ತಡವಾಗುತ್ತಿರುವುದರಿಂದ ಸಂಜೆ 5ಕ್ಕೆ ಮೇಲಧಿಕಾರಿಗಳ ಸಲಹೆ ಕೇಳುತ್ತೇನೆ” ಎಂದು ಸಹೋದ್ಯೋಗಿಗೆ ಮೊದಲು ತಿಳಿಸಿ. ಮೇಲಧಿಕಾರಿಯ ಬಳಿ “ಅವರು ಉತ್ತರಿಸುತ್ತಿಲ್ಲ” ಎನ್ನುವ ಬದಲು “ಈ ದರ ಇನ್ಯಾರಿಂದ ಸಿಗಬಹುದು?” ಎಂದು ಕೇಳಿ.

ದರ ಬಾಯಿಮಾತಿನಲ್ಲಿ ಸಿಕ್ಕಿದರೆ, “ಈಗ ತಿಳಿಸಿದ ದರವನ್ನೇ ಹಾಕುತ್ತಿದ್ದೇನೆ, ಧನ್ಯವಾದ” ಎಂದು ಅಂಕಿಯ ಸಮೇತ ಅದೇ ಇಮೇಲಿನಲ್ಲಿ ಬರೆದುಬಿಡಿ.