ಪೀಠೋಪಕರಣ ಮಳಿಗೆಗೆ ಮೂವತ್ತು ಸೆಕೆಂಡಿನ ಜಾಹೀರಾತು ಬರೆದ ಬಗೆ

ಮಳಿಗೆಯ ಮಾಲೀಕರು ಸೋಫಾ, ಮಂಚ, ಬೀರು, ಊಟದ ಮೇಜು, ಕಂತಿನ ಸೌಲಭ್ಯ ಎಲ್ಲವೂ ಜಾಹೀರಾತಿನಲ್ಲಿ ಬರಬೇಕೆಂದು ಕೇಳಿದ್ದರು. ಅವನ್ನೆಲ್ಲ ತೋರಿಸಿದರೆ ಒಂದೊಂದಕ್ಕೆ ಐದಾರು ಸೆಕೆಂಡಷ್ಟೇ ಸಿಕ್ಕಿ ಅದು ದರಪಟ್ಟಿಯಂತಾಗುತ್ತದೆ. ಆದ್ದರಿಂದ ದೊಡ್ಡ ಷೋರೂಂಗಳಿಗೆ ಸುಲಭವಲ್ಲದ, ಇವರಿಗೆ ಸಾಧ್ಯವಿರುವ ಕೆಲಸ ಯಾವುದೆಂದು ವಿಚಾರಿಸಿದೆ. ಗಿರಾಕಿ ತಂದ ಅಳತೆಗೆ ತಮ್ಮ ಬಡಗಿಗಳೇ ಮೇಜು ಮಾಡಿಕೊಡುತ್ತಾರೆ ಎಂಬ ಉತ್ತರ ಬಂತು. ಆ ಒಂದು ಮಾತನ್ನೇ ಹಿಡಿದು ಬರೆದೆ.

ಕಾಗದವನ್ನು ಎರಡು ಅಂಕಣ ಮಾಡಿ, ಎಡಗಡೆ ದೃಶ್ಯ, ಬಲಗಡೆ ಹಿನ್ನೆಲೆ ಧ್ವನಿ ಬರೆಯುವುದು ನನ್ನ ರೂಢಿ. ಬಲ ಅಂಕಣ ಎಡಕ್ಕಿಂತ ಉದ್ದವಾಗಿದ್ದರೆ ಅದು ರೇಡಿಯೊ ಜಾಹೀರಾತು ಆಗುತ್ತಿದೆ ಎಂದು ಅಲ್ಲೇ ತಿಳಿಯುತ್ತದೆ. ಅಂತಿಮ ರೂಪ ಹೀಗಿತ್ತು:

0–4: ಹುಡುಗಿ ನೆಲದ ಮೇಲೆ ಬಗ್ಗಿ ಬರೆಯುತ್ತಿದ್ದಾಳೆ, ಪಕ್ಕದಲ್ಲಿ ಕಿಟಕಿ ಮತ್ತು ಬಾಗಿಲ ನಡುವಿನ ಕಿರಿದಾದ ಮೂಲೆ. ಧ್ವನಿ ಇಲ್ಲ, ಪೆನ್ಸಿಲ್ ಸದ್ದು ಮಾತ್ರ.

4–10: ತಾಯಿ ಆ ಮೂಲೆಗೆ ಟೇಪು ಹಿಡಿಯುತ್ತಾಳೆ. ಧ್ವನಿ: "ನಿಮ್ಮ ಕೋಣೆಯ ಅಳತೆ ತನ್ನಿ."

10–20: ಉಜ್ಜುಗೊರಡಿನಿಂದ ಸುರುಳಿಯಾಗಿ ಏಳುವ ಹೊಟ್ಟು, ಒಂದೇ ಬೆರಳಿಗೆ ಸರಿದು ಮುಚ್ಚುವ ಡ್ರಾಯರ್. ಧ್ವನಿ: "ಆ ಅಳತೆಗೆ ತಕ್ಕ ಮೇಜನ್ನು ನಮ್ಮ ಬಡಗಿಗಳೇ ಮಾಡಿಕೊಡುತ್ತಾರೆ."

20–25: ಅದೇ ಮೂಲೆಯಲ್ಲಿ ಮೇಜು ಸರಿಯಾಗಿ ಕೂರುತ್ತದೆ. ಧ್ವನಿ: "ಮನೆಗೆ ತಂದು ಜೋಡಿಸುವ ಹೊಣೆಯೂ ನಮ್ಮದೇ."

25–30: ಮಳಿಗೆಯ ಮುಂಭಾಗ, ಹೆಸರು, ರಸ್ತೆ, ಫೋನ್ ನಂಬರ್. ಧ್ವನಿ: ಹೆಸರು ಮತ್ತು ರಸ್ತೆ ಮಾತ್ರ.

ಮಾತು ಕಡಿಮೆಯಾಯಿತೆಂದು ಮಾಲೀಕರಿಗೆ ಅನ್ನಿಸಿತು. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಪದಗಳು ಉದ್ದವಾಗುತ್ತವೆ. ಅರ್ಧ ನಿಮಿಷದಲ್ಲಿ ಐವತ್ತು ಪದ ದಾಟಿದರೆ ಓದುವವರು ಉಸಿರು ಬಿಡದೆ ಓಡಬೇಕಾಗುತ್ತದೆ ಎಂಬುದು ನನ್ನ ಲೆಕ್ಕ. ಪದ ಎಣಿಸುವುದಕ್ಕಿಂತ ಸ್ಟಾಪ್‌ವಾಚ್ ಹಿಡಿದು ಗಟ್ಟಿಯಾಗಿ ಓದುವುದೇ ಖಚಿತ, ಏಕೆಂದರೆ ಮನಸ್ಸಿನಲ್ಲಿ ಓದಿದಾಗ ಸಮಯ ಯಾವಾಗಲೂ ಕಡಿಮೆ ತೋರುತ್ತದೆ. ಡ್ರಾಯರ್ ಮುಚ್ಚುವ ಮೆತ್ತನೆಯ ಸದ್ದು ಕೇಳಬೇಕಾದ ಕಡೆ ಮಾತು ಹಾಕಿದರೆ ಆ ದೃಶ್ಯವೇ ವ್ಯರ್ಥ. "ಗುಣಮಟ್ಟದ ಮರ, ನುರಿತ ಕೆಲಸಗಾರರು" ಎಂಬ ಸಾಲನ್ನು ತೆಗೆದದ್ದೂ ಇದೇ ಕಾರಣಕ್ಕೆ. ಆ ಬೆರಳು ಅದನ್ನು ಆಗಲೇ ಹೇಳಿರುತ್ತದೆ.

ಫೋನಿನಲ್ಲಿ ಬಹಳ ಜನ ಸದ್ದು ಮುಚ್ಚಿಯೇ ನೋಡುತ್ತಾರೆ. ಹಾಗಾಗಿ ಧ್ವನಿಯ ಮೂರು ಸಾಲುಗಳನ್ನು ಪರದೆಯ ಮೇಲೂ ಬರೆಸಿದೆ. ಫೋನ್ ನಂಬರನ್ನು ಹೇಳಿಸಲಿಲ್ಲ. ಅದನ್ನು ಹೇಳಲು ನಾಲ್ಕೈದು ಸೆಕೆಂಡು ಹೋಗುತ್ತದೆ, ಕೇಳಿದವರು ಬರೆದುಕೊಳ್ಳುವುದೂ ಇಲ್ಲ.

ರಿಯಾಯಿತಿಯ ಮಾತು ಸೇರಿಸಲೇಬೇಕೆಂದು ಕೊನೆಗೂ ಒತ್ತಾಯ ಬಂತು. ಅದನ್ನು ಐದನೆಯ ದೃಶ್ಯಕ್ಕೆ ಮಾತ್ರ ಸೀಮಿತಗೊಳಿಸಿ, ರಿಯಾಯಿತಿ ಇರುವ ಒಂದು ಮುಕ್ತಾಯ, ಇಲ್ಲದ ಇನ್ನೊಂದು ಮುಕ್ತಾಯ ಬರೆದುಕೊಟ್ಟೆ. ಮೊದಲ ಇಪ್ಪತ್ತೈದು ಸೆಕೆಂಡನ್ನು ಮತ್ತೆ ಚಿತ್ರೀಕರಿಸದೆ ಅವರು ಬೇಕಾದಾಗ ಅದಲುಬದಲು ಮಾಡಿಕೊಳ್ಳಬಹುದು.