ಸ್ಯಾನ್‌ಫರೈಸ್ ಆದ ಡೆನಿಮ್ ಇನ್ನೂ ಎಷ್ಟು ಕುಗ್ಗುತ್ತೆ: ನನ್ನ ಅನುಭವ

ರೋಲಿನ ಚೀಟಿಯಲ್ಲಿ ‘ಸ್ಯಾನ್‌ಫರೈಸ್ಡ್’ ಅಂತಿತ್ತು, ಅಂದರೆ ಮಿಲ್ಲಿನಲ್ಲೇ ಮೊದಲೇ ಕುಗ್ಗಿಸಿದ ಬಟ್ಟೆ. ಅದನ್ನೇ ನಂಬಿ ಸ್ಟ್ರೆಚ್ ಡೆನಿಮ್‌ನಲ್ಲಿ 400 ಪ್ಯಾಂಟ್ ಕಟ್ ಮಾಡಿದ್ವಿ. ಎಂಜೈಮ್ ವಾಷ್ ಆದ ಮೇಲೆ ಉದ್ದ ಪರವಾಗಿರಲಿಲ್ಲ, ಆದರೆ 34ರ ಪ್ಯಾಂಟ್ 32ಕ್ಕೂ ಬಿಗಿ. ಪೀಸಿಗೆ ₹60ರಂತೆ ಇಳಿಸಿ ಮಾರಿ, ಸುಮಾರು ₹24,000 ಕೈಬಿಟ್ಟಿತು.

ತಪ್ಪು ಮಿಲ್ಲಿನದಲ್ಲ. ಸ್ಯಾನ್‌ಫರೈಸ್ ಮಾಡೋ ಮಷಿನ್ನಿನ ರಬ್ಬರ್ ಬೆಲ್ಟ್ ಒದ್ದೆ ಬಟ್ಟೆಯನ್ನು ಹಾಸಿನ ದಿಕ್ಕಿಗೆ, ಅಂದರೆ ಉದ್ದಕ್ಕೆ ಮಾತ್ರ ಒತ್ತಿ ಕೂಡಿಸುತ್ತೆ. ಹೊಕ್ಕಿನ ಕಡೆ ಅದರ ಕೈ ಅಷ್ಟಾಗಿ ಇಲ್ಲ. ಹೊಕ್ಕಿನಲ್ಲಿ ಲೈಕ್ರಾ ಇದ್ದರಂತೂ ಬಿಸಿನೀರು ಕಂಡ ಕೂಡಲೇ ಅಡ್ಡ ಎಳೆದುಕೊಳ್ಳುತ್ತೆ.

ಈಗ ಪ್ರತಿ ರೋಲಿನ ತುದಿಯ ಎರಡು ಮೀಟರ್ ಬಿಟ್ಟು 70 ಸೆಂ.ಮೀ. ತುಂಡು ತೆಗೀತೀನಿ, ಅಂಚಿಗೆ ಓವರ್‌ಲಾಕ್. ಅದರೊಳಗೆ 50×50ರ ಚೌಕಕ್ಕೆ ದಾರದಲ್ಲಿ ಹೊಲಿಗೆ ಗುರುತು, ಪೆನ್ನಿನ ಗುರುತು ವಾಷ್‌ನಲ್ಲಿ ಹೋಗುತ್ತೆ. ಮಾಲಿಗೆ ಹಾಕೋ ಅದೇ ವಾಷ್, ಅದೇ ಡ್ರೈಯರ್. ಆರಿ ನಾಲ್ಕು ತಾಸಾದ ಮೇಲೆ ಎರಡೂ ದಿಕ್ಕಿಗೆ ಮೂರು ಮೂರು ಕಡೆ ಅಳತೆ.

ಆ ಬಟ್ಟೆಯಲ್ಲಿ ಉದ್ದ 48.3 ಬಂತು, ಅಂದರೆ 3.4% ಕುಗ್ಗು. ಅಡ್ಡ 44, ಅಂದರೆ 12%. ಇಲ್ಲೇ ನಮ್ಮ ಮಾಸ್ಟರ್ ಜೊತೆ ಜಗಳ. ‘12% ಕೂಡಿಸಿದರೆ ಆಯ್ತಲ್ಲ ಅಣ್ಣ’ ಅಂದರು. ತೊಡೆ ಪಾರ್ಟ್ ಕೊನೆಗೆ 32 ಸೆಂ.ಮೀ. ಬೇಕು ಅಂತಿಟ್ಟುಕೊಳ್ಳಿ. ಕೂಡಿಸಿದರೆ 35.8 ಆಗುತ್ತೆ, ವಾಷ್ ಆದ ಮೇಲೆ 31.5ಕ್ಕೆ ಇಳಿಯುತ್ತೆ. 32ನ್ನು 0.88ರಿಂದ ಭಾಗಿಸಿದರೆ 36.4, ಅದು ಸರಿಯಾಗಿ 32ಕ್ಕೆ ನಿಲ್ಲುತ್ತೆ. ಮುಂದು, ಹಿಂದು ಎರಡೂ ಸೇರಿ ಸುತ್ತಳತೆಯಲ್ಲಿ ಹತ್ತಿರ ಹತ್ತಿರ ಒಂದು ಸೆಂ.ಮೀ. ವ್ಯತ್ಯಾಸ. ಹೀಗೆ ಭಾಗಿಸಿ ಕಟ್ ಮಾಡಿದ ಲಾಟು ವಾಷ್ ಆಗಿ ಬಂದ ಮೇಲೆ ಮಾಸ್ಟರ್ ಸುಮ್ಮನಾದರು.

ಒಂದೇ ಬೇಲಿನ ರೋಲುಗಳಲ್ಲೂ ಕುಗ್ಗು ಒಂದೇ ಇರಲ್ಲ. 2% ಒಳಗಿನ ವ್ಯತ್ಯಾಸದವನ್ನು ಒಂದು ಗುಂಪು ಮಾಡಿ, ಗುಂಪಿಗೊಂದು ಪ್ಯಾಟರ್ನ್. ಗಡಿಯಲ್ಲಿರೋ ರೋಲನ್ನು ಯಾವ ಗುಂಪಿಗೆ ಸೇರಿಸ್ತೀನಿ ಅನ್ನೋದು ನನ್ನ ಹತ್ತಿರವೇ ಇರಲಿ. ಕಟಿಂಗಿಗೆ ಮೊದಲು ರೋಲ್ ಬಿಚ್ಚಿ ಒಂದು ದಿನ ಸಡಿಲ ಬಿಡ್ತೀನಿ. ಲೇ ಹಾಕುವಾಗ, ಅಂದರೆ ಕಟಿಂಗಿಗೆ ಬಟ್ಟೆ ಹಾಸುವಾಗ ಎಳೆದರೆ ಮಿಲ್ ಒತ್ತಿ ಕೂಡಿಸಿದ್ದು ಅಲ್ಲೇ ಬಿಚ್ಚಿಕೊಳ್ಳುತ್ತೆ.

ಇಡೀ ಬಟ್ಟೆಯನ್ನೇ ಮೊದಲು ನೀರಿಗದ್ದಿ ಒಣಗಿಸಿಯೂ ನೋಡಿದೆ. ಕುಗ್ಗಿತೇನೋ ನಿಜ, ಆದರೆ ಮಡಿಕೆ ಬಿದ್ದಲ್ಲೆಲ್ಲ ಇಂಡಿಗೋ ಬಿಳಿ ಗೆರೆ ಬಿಟ್ಟಿತು, ಮೀಟರಿಗೆ ₹8-10 ಖರ್ಚು ಬೇರೆ. ಕೈಬಿಟ್ಟೆ.

ಕೊನೆಗೆ ಉಳಿದದ್ದು ಸೊಂಟಪಟ್ಟಿ. ರೂಢಿಯಂತೆ ಹಾಸಿನ ದಿಕ್ಕಿಗೆ ಕಟ್ ಮಾಡಿದರೆ ಪಟ್ಟಿ 3% ಕುಗ್ಗುತ್ತೆ, ಅದಕ್ಕಂಟಿದ ಪ್ಯಾಂಟು 12%. ಪಟ್ಟಿ ಅಲೆಅಲೆಯಾಗಿ ನಿಲ್ಲುತ್ತೆ, ಇಸ್ತ್ರಿಗೂ ಬಗ್ಗಲ್ಲ. ಸ್ಟ್ರೆಚ್ ಬಟ್ಟೆಯಲ್ಲಿ ಈಗ ಪಟ್ಟಿಯನ್ನೂ ಹೊಕ್ಕಿನ ದಿಕ್ಕಿಗೇ ಕಟ್ ಮಾಡ್ತೀನಿ. ಬಟ್ಟೆ ಸ್ವಲ್ಪ ಜಾಸ್ತಿ ಹೋಗುತ್ತೆ.