ಮೊದಲ ಒಂದು ಎಂ.ಎಲ್. ಸಲೈನ್ ಅಲ್ಲ, ಔಷಧ

ನಾನು ನರ್ಸಾಗಿ ವಾರ್ಡಿಗೆ ಬಂದ ಹೊಸತರಲ್ಲಿ, ಔಷಧ ಕೊಟ್ಟ ಮೇಲೆ ರಕ್ತನಾಳಕ್ಕೆ ಹೋಗುವ ಟ್ಯೂಬನ್ನು ತೊಳೆಯುವ ಫ್ಲಶ್ ಎಂದರೆ ಸಿರಿಂಜಿನಲ್ಲಿ ಇದ್ದಷ್ಟು ಸಲೈನನ್ನು ಒಂದೇ ಉಸಿರಿಗೆ ಒತ್ತಿಬಿಡುವುದು ಎಂದುಕೊಂಡಿದ್ದೆ. ಎಷ್ಟೋ ಸಲ ಅದನ್ನೂ ಮಾಡುತ್ತಿರಲಿಲ್ಲ. ಮಹಿಳಾ ಮೆಡಿಕಲ್ ವಾರ್ಡು, ರಾತ್ರಿ ಪಾಳಿಗೆ ಇಬ್ಬರು, ಬೆಳಗಿನ ಆರು ಗಂಟೆಯ ಇಂಜೆಕ್ಷನ್ ಟ್ರೇ ಹಿಡಿದರೆ ಮುಗಿಯುವ ಹೊತ್ತಿಗೆ ಬೆಳಗಿನ ಪಾಳಿಯವರೇ ಬಂದಿರುತ್ತಿದ್ದರು. ಒಬ್ಬ ರೋಗಿಗೆ ಮೂರು ಸಿರಿಂಜು, ಒಂದರ ಹಿಂದೆ ಒಂದು, ಮುಂದಿನ ಹಾಸಿಗೆ.

ಹಾಗೆ ಮಾಡುತ್ತಿದ್ದ ಒಂದು ಬೆಳಿಗ್ಗೆ ಹೃದಯದ ತೊಂದರೆಗೆ ದಾಖಲಾಗಿದ್ದ ಅಜ್ಜಿಯೊಬ್ಬರ ಕೈಯ ನಾಳಕ್ಕೆ ತೂರಿಸಿದ್ದ ಕ್ಯಾನ್ಯುಲಾಕ್ಕೆ ಜೋಡಿಸಿದ ಎಕ್ಸ್‌ಟೆನ್ಷನ್ ಟ್ಯೂಬಿನೊಳಗೆ ಹಾಲು ತೊಟ್ಟಿಕ್ಕಿದ ಹಾಗೆ ಬಿಳಿ ಮಬ್ಬು ಕಾಣಿಸಿತು. ಪ್ಯಾಂಟೊಪ್ರಜೋಲ್ ಕೊಟ್ಟು ಅದರ ಬೆನ್ನಿಗೇ ವಾಂತಿಗೆ ಬರೆದಿದ್ದ ಆಂಡಾನ್‌ಸೆಟ್ರಾನ್ ಹಾಕಿದ್ದೆ. ಮೊದಲನೆಯದು ಕ್ಷಾರೀಯ, ಎರಡನೆಯದು ಆಮ್ಲೀಯ ದ್ರಾವಣದಲ್ಲಿ ಮಾತ್ರ ಕರಗಿಕೊಂಡಿರುವಂಥದ್ದು, ಕ್ಷಾರ ಸೋಕಿದರೆ ಒಡೆದು ಪುಡಿಯಾಗಿ ನಿಲ್ಲುತ್ತದೆ. ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಆದರೆ ಎರಡನ್ನೂ ಒಂದೇ ಸಿರಿಂಜಿನಲ್ಲಿ ಬೆರೆಸದಿದ್ದರೆ ಸಾಕು ಎಂಬ ಭ್ರಮೆಯಲ್ಲಿದ್ದೆ. ಟ್ಯೂಬೂ ಒಂದು ಪಾತ್ರೆಯೇ ಎಂದು ಹೊಳೆದಿರಲಿಲ್ಲ.

“ಕೈ ಉರೀತದೆ ಕಣವ್ವ,” ಎಂದರು ಅಜ್ಜಿ. ಕೈ ಅಲ್ಲೇ ನಿಲ್ಲಿಸಿದೆ. ಆ ಕ್ಷಣ ಸಲೈನ್ ಒತ್ತಿ ‘ತೊಳೆದುಬಿಡೋಣ’ ಎನ್ನಿಸುವುದು ಸಹಜ. ಆದರೆ ಹಾಗೆ ಮಾಡಿದರೆ ಆ ಪುಡಿಯನ್ನೆಲ್ಲ ನಾವೇ ರಕ್ತನಾಳಕ್ಕೆ ನೂಕಿದ ಹಾಗೆ. ಕ್ಲ್ಯಾಂಪ್ ಮುಚ್ಚಿದೆ, ಟ್ಯೂಬಿನ ಸಮೇತ ಕ್ಯಾನ್ಯುಲಾ ತೆಗೆದೆ, ಡ್ಯೂಟಿ ಡಾಕ್ಟರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ, ಇನ್ನೊಂದು ಕೈಗೆ ಹೊಸದು ಹಾಕಿದೆ. ಅಜ್ಜಿಗೆ ಏನೂ ಆಗಲಿಲ್ಲ. ಮುಂದಿನ ಎರಡು ದಿನ ಆ ನಾಳವನ್ನು ಮುಟ್ಟಿ ಮುಟ್ಟಿ ನೋಡಿದ್ದು ನಾನೇ.

ಆಮೇಲೆ ಇನ್‌ಚಾರ್ಜ್ ಸಿಸ್ಟರ್ ನನ್ನನ್ನು ಬೈಯಲಿಲ್ಲ. ಟ್ಯೂಬಿನ ಸಮೇತ ಬರುವ, ಮೂರು ದಾರಿಯ ನಲ್ಲಿಯಂಥ ಹೊಸ ತ್ರೀ-ವೇ ಒಂದನ್ನು ಬಿಚ್ಚಿ ಕೈಗೆ ಕೊಟ್ಟು, “ಇದರೊಳಗೆ ಎಷ್ಟು ಹಿಡಿಯುತ್ತೆ ಅಳೆದು ನೋಡಮ್ಮ” ಎಂದರು. 2 ಎಂ.ಎಲ್. ಸಿರಿಂಜಿನಲ್ಲಿ ಸಲೈನ್ ಎಳೆದು, ಒಣ ಟ್ಯೂಬಿನ ತುದಿಯಲ್ಲಿ ಮೊದಲ ಹನಿ ಬರುವವರೆಗೆ ಒತ್ತಿದೆ. ಕ್ಯಾನ್ಯುಲಾದೊಳಗಿನದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಆದರೆ ತ್ರೀ-ವೇ, ಅದರ ಟ್ಯೂಬು ಎಲ್ಲ ಸೇರಿ ನಮ್ಮಲ್ಲಿ ಬರುತ್ತಿದ್ದ ಮಾದರಿಗೆ ಹೆಚ್ಚುಕಡಿಮೆ 1 ಎಂ.ಎಲ್. ಹಿಡಿಯಿತು. ಮಾದರಿ ಬದಲಾದರೆ ಇದು ಬದಲಾಗುತ್ತದೆ, ಆದ್ದರಿಂದ ಸ್ಟೋರಿನಿಂದ ಹೊಸ ಕಂಪನಿಯ ಮಾಲು ಬಂದಾಗಲೆಲ್ಲ ಒಂದನ್ನು ಹೀಗೆ ಅಳೆಯುವುದು ನನ್ನ ರೂಢಿ. ಫ್ಲಶ್ ಎಷ್ಟು ಬೇಕೆಂಬುದೂ ಇದರಿಂದಲೇ ಗೊತ್ತಾಗುತ್ತದೆ: ಒಳಗೆ ಹಿಡಿಯುವುದರ ಎರಡರಷ್ಟಾದರೂ ಬೇಕು. ದೊಡ್ಡವರಿಗೆ ನಾನು 5 ಎಂ.ಎಲ್. ಇಟ್ಟುಕೊಳ್ಳುತ್ತೇನೆ.

ಫ್ಲಶ್ ಮಾಡುವ ಪುಶ್-ಪಾಜ್ ವಿಧಾನ ಎಂದರೆ ಒತ್ತು, ನಿಲ್ಲಿಸು, ಒತ್ತು, ನಿಲ್ಲಿಸು. ಇದು ಯಾಕೆ ಬೇಕೆಂದು ನನಗೆ ಅರ್ಥವಾದದ್ದು ಊರಿನ ಕಾಲುವೆ ನೆನಪಾದಾಗ. ಕಾಲುವೆಯ ನಡುವೆ ಬಿಟ್ಟ ಎಲೆ ಓಡಿಹೋಗುತ್ತದೆ, ದಂಡೆಗೆ ತಾಗಿದ್ದು ಅಲ್ಲೇ ತೂಗುತ್ತಿರುತ್ತದೆ. ಟ್ಯೂಬಿನಲ್ಲೂ ಅಷ್ಟೇ. ಒಂದೇ ಸಮನೆ ಒತ್ತಿದರೆ ನಡುವಿನ ಸಲೈನ್ ಮುಂದೆ ಓಡುತ್ತದೆ, ಗೋಡೆಗೆ ಅಂಟಿದ ಔಷಧದ ಪದರ ಹಿಂದೆ ಉಳಿಯುತ್ತದೆ. ಒತ್ತಿ ನಿಲ್ಲಿಸಿದಾಗ ಪ್ರತಿ ಸಲವೂ ಹರಿವು ಹೊಸದಾಗಿ ಶುರುವಾಗಿ ಗೋಡೆಯ ಬಳಿ ಕಲಕುತ್ತದೆ. ಒಂದೊಂದು ಒತ್ತಿಗೆ ಸುಮಾರು 1 ಎಂ.ಎಲ್., ನಡುವೆ ಅರ್ಧ ಸೆಕೆಂಡಿನಷ್ಟು ಬಿಡುವು. ಬಾಯಲ್ಲಿ ‘ಒತ್ತು-ಬಿಡು’ ಎಂದುಕೊಂಡರೆ ಆ ಲಯ ತಾನಾಗಿ ಬರುತ್ತದೆ. ಬಿಡುವು ಎಂದರೆ ಹೆಬ್ಬೆರಳು ಸಡಿಲಿಸುವುದು ಮಾತ್ರ, ಪಿಸ್ಟನ್ ಹಿಂದಕ್ಕೆ ಎಳೆಯುವುದಲ್ಲ. ಹೊಸಬರು ಇಲ್ಲೇ ತಪ್ಪುತ್ತಾರೆ. ಎಳೆದರೆ ರಕ್ತ ಕ್ಯಾನ್ಯುಲಾದೊಳಗೆ ಬಂದು ಹೆಪ್ಪುಗಟ್ಟುತ್ತದೆ.

ಇಷ್ಟು ಕಲಿತ ಮೇಲೆ ನಾನು ಎಲ್ಲ ಔಷಧದ ಬೆನ್ನಿಗೂ ಉತ್ಸಾಹದಿಂದ ಒತ್ತು-ಬಿಡು ಶುರುಮಾಡಿದೆ. ಎರಡನೇ ತಪ್ಪು ಅದೇ. ಫಿಟ್ಸ್ ಬಂದಿದ್ದ ಹುಡುಗಿಯೊಬ್ಬಳಿಗೆ ಫೆನಿಟೋಯಿನ್ 100 ಮಿ.ಗ್ರಾಂ., ಅಂದರೆ 2 ಎಂ.ಎಲ್., ಗಡಿಯಾರ ನೋಡಿಕೊಂಡು ನಿಧಾನಕ್ಕೇ ಕೊಟ್ಟೆ. ದೊಡ್ಡವರಿಗೆ ಅದು ನಿಮಿಷಕ್ಕೆ 50 ಮಿ.ಗ್ರಾಂ. ಮೀರಬಾರದು, ವೇಗ ಹೆಚ್ಚಿದರೆ ಬಿ.ಪಿ. ಕುಸಿಯುತ್ತದೆ, ಹೃದಯದ ಲಯ ತಪ್ಪುತ್ತದೆ. ಕೊಟ್ಟು ಮುಗಿಸಿ ಸಲೈನ್ ಸಿರಿಂಜು ಹಚ್ಚಿ ಮೊದಲ ಒತ್ತು ಒತ್ತಿದ್ದೇ ತಡ, ಅಲ್ಲಿಯವರೆಗೆ ಸುಮ್ಮನಿದ್ದ ಹುಡುಗಿ ಕೈ ಕಿತ್ತುಕೊಂಡಳು. ಮೊಣಕೈವರೆಗೆ ಉರಿ ಎಂದಳು. ನೋಡಿದರೆ ಊತವಿಲ್ಲ, ಕ್ಯಾನ್ಯುಲಾ ಸರಿಯಾಗೇ ಇದೆ.

ಲೆಕ್ಕ ಹಾಕಿದಾಗ ಎದೆ ಝಲ್ಲೆಂದಿತು. 2 ಎಂ.ಎಲ್. ಒತ್ತಿದಾಗ ಅವಳ ಮೈಗೆ ಹೋದದ್ದು ಮೊದಲು ಟ್ಯೂಬಿನಲ್ಲಿದ್ದ ಸಲೈನ್ ಮತ್ತು 1 ಎಂ.ಎಲ್. ಔಷಧ. ಇನ್ನೊಂದು ಎಂ.ಎಲ್., ಅಂದರೆ 50 ಮಿ.ಗ್ರಾಂ., ಟ್ಯೂಬಿನಲ್ಲೇ ಕೂತಿತ್ತು. ಒಂದು ನಿಮಿಷಕ್ಕೆ ಕೊಡಬಹುದಾದ ಗರಿಷ್ಠ ಪ್ರಮಾಣವನ್ನು ನಾನು ಒಂದು ಸೆಕೆಂಡಿನಲ್ಲಿ, ಅದೂ ಸಲೈನ್ ಎಂದುಕೊಂಡು, ಒಳಗೆ ಕಳಿಸಿದ್ದೆ. ತಕ್ಷಣ ಡಾಕ್ಟರಿಗೆ ಹೇಳಿ ಮಾನಿಟರ್ ಹಚ್ಚಿದೆವು. ನಾಡಿ, ಬಿ.ಪಿ. ಎರಡೂ ಅಲುಗಲಿಲ್ಲ, ಉರಿಯೂ ಇಳಿಯಿತು.

ಆ ದಿನದಿಂದ ನನ್ನ ಫ್ಲಶ್ ಎರಡು ಭಾಗ. ಟ್ಯೂಬಿನಲ್ಲಿ ಹಿಡಿಯುವಷ್ಟು, ಅಂದರೆ ಮೊದಲ 1 ಎಂ.ಎಲ್., ಹಿಂದಿನ ಔಷಧ ಯಾವ ವೇಗದಲ್ಲಿ ಹೋಯಿತೋ ಅದೇ ವೇಗದಲ್ಲಿ. ಅದಾದ ಮೇಲಷ್ಟೇ ಒತ್ತು-ಬಿಡು. ಪುಡಿ ಕರಗಿಸಿ 10 ಎಂ.ಎಲ್. ಮಾಡಿಕೊಂಡ ಔಷಧವಾದರೆ ಟ್ಯೂಬಿನಲ್ಲಿ ಉಳಿಯುವುದು ಹತ್ತರಲ್ಲಿ ಒಂದು ಪಾಲು. ತೆಳು ಮಾಡದೆ 2 ಎಂ.ಎಲ್. ಆಂಪ್ಯೂಲನ್ನು ಹಾಗೇ ಕೊಟ್ಟರೆ ಅರ್ಧ ಔಷಧ ಫ್ಲಶ್ಶಿನ ಜೊತೆಗೇ ಹೋಗುವುದು. ಹಾಗಾಗಿ ಆಂಪ್ಯೂಲ್ ಚಿಕ್ಕದಾದಷ್ಟೂ ನನ್ನ ಹೆಬ್ಬೆರಳು ನಿಧಾನ.

ಮೊದಲು ಹೇಳಿದ ಅಜ್ಜಿಯ ಆರು ಗಂಟೆಯ ಇಂಜೆಕ್ಷನ್‌ಗಳನ್ನೇ ಈಗ ಕೊಡುವುದಾದರೆ ಹೇಗೆ ಎಂದು ಹೇಳುತ್ತೇನೆ. ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ. 10 ಎಂ.ಎಲ್. ಸಲೈನಿನಲ್ಲಿ, ಆಂಡಾನ್‌ಸೆಟ್ರಾನ್ 4 ಮಿ.ಗ್ರಾಂ. 2 ಎಂ.ಎಲ್., ಕೊನೆಗೆ ಫ್ಯೂರೋಸೆಮೈಡ್ 40 ಮಿ.ಗ್ರಾಂ. 4 ಎಂ.ಎಲ್. ಕೊನೆಯದೂ ಕ್ಷಾರೀಯವೇ, ಹಾಗಾಗಿ ಆಂಡಾನ್‌ಸೆಟ್ರಾನಿಗೆ ಎರಡು ಕಡೆಯೂ ಶತ್ರುಗಳು. ಅದನ್ನು ನಡುವೆ ಇಡದೆ ಮೊದಲೇ ಕೊಟ್ಟರೆ ಒಂದು ಗಡಿ ಕಡಿಮೆಯಾಗುತ್ತದೆ. ಫ್ಲಶ್ ಅಷ್ಟೇ ಸಲ ಮಾಡಬೇಕು ನಿಜ, ಆದರೆ ಎಡವುವ ಜಾಗ ಒಂದೇ ಉಳಿಯುತ್ತದೆ.

ನಾಲ್ಕು ಸಲೈನ್ ಸಿರಿಂಜು ತುಂಬಿಕೊಳ್ಳುತ್ತೇನೆ, ಪ್ರತಿಯೊಂದೂ 10 ಎಂ.ಎಲ್.ನದು, ಒಳಗೆ 5 ಎಂ.ಎಲ್. ದೊಡ್ಡ ಸಿರಿಂಜೇ ಯಾಕೆಂದರೆ ಸಣ್ಣದರ ಪಿಸ್ಟನ್ ತೆಳ್ಳಗೆ, ಅದೇ ಬೆರಳಿನ ಬಲಕ್ಕೆ ಒಳಗೆ ಒತ್ತಡ ಹೆಚ್ಚು. ಎಲ್ಲದರ ಮೇಲೂ ಚೀಟಿ. ಸಲೈನ್ ಆಂಪ್ಯೂಲು, ಡಿಸ್ಟಿಲ್ಡ್ ವಾಟರ್ ಆಂಪ್ಯೂಲು ಒಂದೇ ತಾಯಿ ಮಕ್ಕಳಂತೆ ಇರುತ್ತವೆ. ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲೂ 10 ಎಂ.ಎಲ್.ನದೇ ಬರುತ್ತದೆ, ಅದು ಫ್ಲಶ್ ಟ್ರೇಯಲ್ಲಿ ಇರಲೇಬಾರದು. ಒಂದು ಸಲೈನ್ ಬಾಟಲಿಗೆ ಸೂಜಿ ಚುಚ್ಚಿಟ್ಟು ಇಡೀ ವಾರ್ಡಿಗೆ ಎಳೆಯುವ ಪದ್ಧತಿಯನ್ನು ನಾನು ಕಂಡಿದ್ದೇನೆ, ಮಾಡಿದ್ದೂ ಇದೆ. ಒಬ್ಬರ ಸೋಂಕನ್ನು ನಲವತ್ತು ಜನಕ್ಕೆ ಹಂಚಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಪೋರ್ಟನ್ನು ಸ್ಪಿರಿಟ್ ಸ್ವಾಬಿನಿಂದ ಉಜ್ಜಿ, ಒಣಗಲು ಬಿಟ್ಟು, ತ್ರೀ-ವೇಯಲ್ಲಿ ಡ್ರಿಪ್ ಕಡೆ ಮುಚ್ಚಿ ಮೊದಲ ಸಲೈನ್. ಇದು ತೊಳೆಯುವುದಕ್ಕಲ್ಲ, ದಾರಿ ತೆರೆದಿದೆಯೇ ಎಂದು ನೋಡುವುದಕ್ಕೆ. ತೂರಿಸಿದ ಜಾಗದ ಮೇಲೆ ಎಡಗೈಯ ಬೆರಳು ಇಟ್ಟಿರುತ್ತೇನೆ. ಚರ್ಮದ ಕೆಳಗೆ ತಣ್ಣಗೆ ಉಬ್ಬಿದ ಹಾಗಾದರೆ, ರೋಗಿ ಮುಖ ಕಿವುಚಿದರೆ, ಪಿಸ್ಟನ್ ಗಟ್ಟಿ ಅನ್ನಿಸಿದರೆ ಅಲ್ಲಿಗೆ ನಿಲ್ಲಿಸುತ್ತೇನೆ. ಮೊದಲು ಕ್ಲ್ಯಾಂಪ್ ಮುಚ್ಚಿದೆಯೋ, ಮೊಣಕೈ ಮಡಚಿದ್ದಾರೋ ನೋಡುತ್ತೇನೆ. ಎರಡೂ ಅಲ್ಲವಾದರೆ ಕ್ಯಾನ್ಯುಲಾ ಬದಲಿಸುವುದೇ. ಬಲ ಹಾಕಿ ಹೆಪ್ಪನ್ನು ಒಳಗೆ ತಳ್ಳುವುದು ಫ್ಲಶ್ ಅಲ್ಲ. ಹಿಂದಕ್ಕೆ ಎಳೆದು ನೋಡಿದಾಗ ರಕ್ತ ಬಂದರೆ ಸಂತೋಷ, ಬಾರದಿದ್ದರೂ ಸಣ್ಣ ನಾಳಗಳಲ್ಲಿ ಅದೊಂದರಿಂದಲೇ ಕೆಟ್ಟಿದೆ ಎನ್ನಲಾಗದು.

ಈಗ ಆಂಡಾನ್‌ಸೆಟ್ರಾನ್, ಎರಡು ನಿಮಿಷದಲ್ಲಿ 2 ಎಂ.ಎಲ್. ಆಮೇಲೆ ಎರಡನೇ ಸಲೈನ್: ಮೊದಲ 1 ಎಂ.ಎಲ್. ಅದೇ ವೇಗದಲ್ಲಿ, ಅಂದರೆ ಒಂದು ನಿಮಿಷ. ಈ ನಿಮಿಷ ಅಜ್ಜಿಯ ಜೊತೆ ಮಾತಾಡಲು ಸರಿಹೋಗುತ್ತದೆ, ರಾತ್ರಿ ನಿದ್ದೆ ಬಂತಾ, ಎಷ್ಟು ಸಲ ಮೂತ್ರಕ್ಕೆ ಎದ್ದಿರಿ. ಉಳಿದದ್ದು ಒತ್ತು-ಬಿಡು, ಮೂರು ನಾಲ್ಕು ಸಲ. ಔಷಧ ಹಾಕಿದ ಪೋರ್ಟಿನಿಂದಲೇ ಫ್ಲಶ್ ಹೋಗಬೇಕು. ಕ್ಯಾನ್ಯುಲಾದ ಮೇಲಿನ ಬಣ್ಣದ ಮುಚ್ಚಳದ ಪೋರ್ಟಿನಲ್ಲಿ ಔಷಧ ಕೊಟ್ಟು ಹಿಂದಿನ ತ್ರೀ-ವೇಯಿಂದ ತೊಳೆದರೆ, ಆ ಗುಳಿಯಲ್ಲಿ ಉಳಿದದ್ದಕ್ಕೆ ಸಲೈನ್ ತಾಗುವುದೇ ಇಲ್ಲ. ಮುಂದಿನ ಔಷಧ ಅಲ್ಲಿಗೆ ಬಂದಾಗ ಮತ್ತೆ ಅದೇ ಹಾಲು. ಹೀಗೇ ಪ್ಯಾಂಟೊಪ್ರಜೋಲ್, ಮೂರನೇ ಸಲೈನ್, ಫ್ಯೂರೋಸೆಮೈಡ್, ನಾಲ್ಕನೇ ಸಲೈನ್.

ಕೊನೆಯ ಸಿರಿಂಜನ್ನು ಪೂರ್ತಿ ಖಾಲಿ ಮಾಡುವುದಿಲ್ಲ. ರಬ್ಬರ್ ತಳಕ್ಕೆ ತಾಗಿ ಸ್ವಲ್ಪ ಹಿಂದೆ ಬರುತ್ತದೆ, ಆ ಎಳೆತಕ್ಕೆ ರಕ್ತ ಕ್ಯಾನ್ಯುಲಾದ ತುದಿಗೆ ಏರುತ್ತದೆ. ಅರ್ಧ ಎಂ.ಎಲ್. ಉಳಿಸಿ, ಹೆಬ್ಬೆರಳು ಇನ್ನೂ ಒತ್ತುತ್ತಿರುವಾಗಲೇ ಕ್ಲ್ಯಾಂಪ್ ಹಾಕುತ್ತೇನೆ. ಕ್ಲ್ಯಾಂಪ್ ಇಲ್ಲದಿದ್ದರೆ ತ್ರೀ-ವೇಯನ್ನು ರೋಗಿಯ ಕಡೆ ಮುಚ್ಚುತ್ತೇನೆ.

ಒಟ್ಟು ಸಲೈನ್ ಸುಮಾರು 20 ಎಂ.ಎಲ್. ದಿನಕ್ಕೆ ಮೂರು ಸಲವೆಂದರೆ 60. ನೀರು ಅಳೆದು ಕುಡಿಸುತ್ತಿರುವ ಅಜ್ಜಿಗೆ ಅದೂ ಲೆಕ್ಕವೇ, ಇನ್‌ಟೇಕ್ ಚಾರ್ಟಿನಲ್ಲಿ ಬರೆಯುತ್ತೇನೆ. ಮಕ್ಕಳ ವಾರ್ಡಿನಲ್ಲಿ ಇಷ್ಟು ಹಾಕುವುದಿಲ್ಲ, ಅಲ್ಲಿ 1ರಿಂದ 3 ಎಂ.ಎಲ್. ಒಳಗೇ ಮುಗಿಯಬೇಕು.

ಒತ್ತು-ಬಿಡುವಿನ ಹಿರಿಮೆಯನ್ನು ನಾನು ಹೆಚ್ಚು ಹಾಡುವುದಿಲ್ಲ. ಅದು ಚೆನ್ನಾಗಿ ತೊಳೆಯುತ್ತದೆ ಎಂಬುದು ಮುಖ್ಯವಾಗಿ ಪ್ರಯೋಗಾಲಯದ ಟ್ಯೂಬುಗಳಲ್ಲಿ ಕಂಡದ್ದು; ಕೈಯ ಗಿಡ್ಡ ಕ್ಯಾನ್ಯುಲಾಕ್ಕಿಂತ ಉದ್ದದ ಸೆಂಟ್ರಲ್ ಲೈನುಗಳಲ್ಲಿ ಅದರ ಕೆಲಸ ಹೆಚ್ಚು. ಗಡಿಬಿಡಿಯಲ್ಲಿ ಒಂದನ್ನು ಬಿಡಲೇಬೇಕಾದರೆ ನಾನು ಬಿಡುವುದು ಆ ಲಯವನ್ನು, ನಿಧಾನದ ಮೊದಲ ಎಂ.ಎಲ್. ಅನ್ನಲ್ಲ. ಕಳೆದ ವಾರ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, “ಸಿಸ್ಟರ್, ಸಲೈನ್ ತಾನೇ, ಯಾಕಿಷ್ಟು ನಿಧಾನ?” ಎಂದಳು. ಬಿಚ್ಚದ ತ್ರೀ-ವೇ ಒಂದನ್ನೂ 2 ಎಂ.ಎಲ್. ಸಿರಿಂಜನ್ನೂ ಅವಳ ಕೈಗಿಟ್ಟೆ.